ಭಾಷಣದ ಮೂರನೇ ಪ್ಯಾರಾದಲ್ಲಿ ಇದ್ದ ಪ್ರಶ್ನೆ

ನಾಲ್ಕು ತಾಲೂಕುಗಳ ಶಾಲಾ ರಸಪ್ರಶ್ನೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಶನಿವಾರ ಬೆಳಿಗ್ಗೆ ಬೈಲಹೊಂಗಲದ ಸಭಾಂಗಣದಲ್ಲಿ, ಸ್ವಾಗತ ಭಾಷಣ ಮಾಡುತ್ತಿದ್ದ ದೊಡವಾಡದ ಎಂಟನೆಯ ತರಗತಿಯ ಪ್ರಜ್ಞಾಳ ಕೈಯಿಂದ ತಾವು ಮೈಕು ಕಸಿದುಕೊಂಡಿರಿ. ಆಮೇಲೆ 'ಅಶಿಸ್ತು' ಎಂದು ಬರೆದು ಅವಳನ್ನು ತಂಡದಿಂದಲೇ ತೆಗೆದಿರಿ. ಬರುವ ಶನಿವಾರ ಅಂತಿಮ ಸುತ್ತು.

ಭಾಷಣದ ವಿಷಯ 'ಕಂಠಪಾಠಕ್ಕಿಂತ ಕುತೂಹಲ ಮುಖ್ಯ'. ಬರೆದುಕೊಟ್ಟವರು ತಾವು. ಒಂದಕ್ಷರ ತಪ್ಪದೆ ಕಂಠಪಾಠ ಮಾಡಬೇಕೆಂದು ಆಜ್ಞಾಪಿಸಿದವರೂ ತಾವೇ! ಹುಡುಗಿ ಮಾಡಿದಳು. ವೇದಿಕೆಯ ಗಣ್ಯರು, ತೀರ್ಪುಗಾರರು, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬಂದ ತಂಡಗಳು, ಎಲ್ಲರನ್ನೂ ಸರಿಯಾದ ಕ್ರಮದಲ್ಲಿ ಸ್ವಾಗತಿಸಿದಳು. ಗೊತ್ತಿಲ್ಲದ ಪ್ರಶ್ನೆಯನ್ನು ಮುಂದಿನ ತಂಡಕ್ಕೆ ದಾಟಿಸುವ ನಿಯಮ ಹೇಳಿದಳು. ಮೂರನೇ ಪ್ಯಾರಾ ಬಂತು: "ಆದ್ದರಿಂದ ಮಕ್ಕಳೇ, ಪ್ರಶ್ನೆ ಕೇಳಿರಿ." ಅಲ್ಲಿ ನಿಂತು, ತಮ್ಮತ್ತ ತಿರುಗಿ ಕೇಳಿದಳು:

"ಸರ್, ಬ್ಯಾಸಗ್ಯಾಗ ಕರೀ ಮಣ್ಣಿನ ಎರಿ ಹೊಲ ಬಿರಿತೈತಿ. ಮಗ್ಗಲದ ಕೆಂಪ ಮಣ್ಣಿನ ಮಸಾರಿ ಹೊಲ ಹಂಗ ಬಿರಿಯೂದಿಲ್ಲ. ಯಾಕ್ರಿ?"

"ಏ ಹುಡುಗಿ, ಇದು ಭಾಷಣದಾಗ ಇಲ್ಲ!"

"ಐತ್ರಿ ಸರ್. ಪ್ರಶ್ನಿ ಕೇಳ್ರಿ ಅಂತ ನೀವ ಬರದೀರಿ."

ಸಭೆ ನಕ್ಕಿತು. ತಮ್ಮ ಸಿಟ್ಟಿಗೆ ಕಾರಣ ಆ ನಗುವೋ, ಆ ಪ್ರಶ್ನೆಯೋ? ಸಭಾಂಗಣದ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆಯ ಬೀರವ್ವನಿಗಂತೂ ಸಿಟ್ಟು ಬರಲಿಲ್ಲ. "ಎರಿ ನೀರ ಕುಡದು ಉಬ್ಬತೈತಿ ತಂಗಿ, ಒಣಗಿದ್ರ ಕುಗ್ಗತೈತಿ. ಅದಕ್ಕ ಬಿರಿತೈತಿ. ಎರಿ ಒಂದ ಯಾಕ ಉಬ್ಬತೈತಿ ಅನ್ನೂದು ನನಗೂ ತಿಳೀವಲ್ದು ನೋಡು" ಎಂದಳು. ಒಂದು ಉತ್ತರ, ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ತಮ್ಮ ಮೂರು ಪುಟಗಳು ಹೇಳಲು ಹೆಣಗಿದ್ದು ಇದನ್ನೇ ಅಲ್ಲವೇ?

ಬಳಿಕ ಸ್ಪರ್ಧೆಯ ಮೊದಲ ಪ್ರಶ್ನೆ: "ಹತ್ತಿಗೆ ಯೋಗ್ಯವಾದ ಮಣ್ಣು..." ಪೂರ್ತಿ ಕೇಳುವ ಮೊದಲೇ ಗಂಟೆ ಒತ್ತಿ ಒಂದು ತಂಡ "ಕಪ್ಪು ಮಣ್ಣು" ಎಂದಿತು. ಹತ್ತು ಅಂಕ. ಅದೇ ಮಣ್ಣಿನ ಬಗ್ಗೆ ಕೇಳಿದವಳು ಹೊರಗೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು.

ಕಂಠಪಾಠದ ಮೇಲೆ ನನಗೆ ದ್ವೇಷವಿಲ್ಲ. ೧೯೭೮ರಲ್ಲಿ ಅರವತ್ತು ದೇಶಗಳ ರಾಜಧಾನಿಗಳನ್ನು ಉಸಿರು ಬಿಡದೆ ಒಪ್ಪಿಸಿ ಸ್ಟೀಲಿನ ಲೋಟ ಗೆದ್ದವನು ನಾನು. ಲೋಟ ಇನ್ನೂ ಗಟ್ಟಿಯಾಗಿದೆ. ಲಾಗೋಸ್, ರಂಗೂನು ಈಗ ರಾಜಧಾನಿಗಳಲ್ಲ. ರಾಜಧಾನಿ ಯಾಕೆ ಬದಲಾಗುತ್ತದೆ ಎಂದು ಅಂದು ಒಮ್ಮೆಯೂ ಕೇಳಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಭಾನುವಾರ ಪ್ರಜ್ಞಾಳ ಮನೆಗೆ ಹೋಗಿದ್ದೆ. ಎರಡು ತಟ್ಟೆಗಳಲ್ಲಿ ಎರಿ, ಮಸಾರಿ ಎರಡನ್ನೂ ನೀರಲ್ಲಿ ಕಲಸಿ ಮಾಳಿಗೆಯ ಬಿಸಿಲಿಗೆ ಇಟ್ಟಿದ್ದಳು. ಗುರುವಾರ ಮತ್ತೆ ಹೋದಾಗ ಎರಿ ಅಂಚು ಬಿಟ್ಟು ಕುಗ್ಗಿ, ಆಮೆಯ ಚಿಪ್ಪಿನಂತೆ ಬಿರಿದಿತ್ತು; ಮಸಾರಿ ಹಾಗೆ ಬಿರಿದಿರಲಿಲ್ಲ. ಎರಿಯ ಜೇಡಿ ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಾಗ ಉಬ್ಬುತ್ತದೆಯೆಂದು ಗ್ರಂಥಾಲಯದಲ್ಲಿ ಹುಡುಕಿ ಓದಿದ್ದಾಳೆ. ಇನ್ನು ಅದನ್ನು ಅವಳಿಗೆ ಯಾರೂ ಕಂಠಪಾಠ ಮಾಡಿಸಬೇಕಿಲ್ಲ.

ಅವಳ ಹೆಸರನ್ನು ತಂಡಕ್ಕೆ ಮರಳಿ ಸೇರಿಸಿ. ಶನಿವಾರ ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ ಅವಳ ಪ್ರಶ್ನೆಗೆ ಉತ್ತರ ಕೊಡಿ. ತಿಳಿಯದಿದ್ದರೆ 'ನನಗೆ ಗೊತ್ತಿಲ್ಲ' ಎನ್ನಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿ. ದಾಟಿಸುವ ನಿಯಮ ತಮಗಿಲ್ಲ.

ಇಂತಿ,
ಅರವತ್ತು ರಾಜಧಾನಿಗಳ ಹಳೆಯ ಒಡೆಯ,
ತ್ರ್ಯಂಬಕ, ಸಂಪಗಾಂವ