ಅಜ್ಜಿಯ ಬೆನ್ನು

ಭಾನುವಾರ, ಮಧ್ಯಾಹ್ನ

ಕೋಪದಲ್ಲಿರುವ ನನ್ನ ಸೊಸೆಗೆ, ಕೋಪ ಇನ್ನೂ ಇಳಿಯದ ನಿನ್ನ ಅತ್ತೆಯ ಆಶೀರ್ವಾದಗಳು.

ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೂ ಓದಿ ಹರಿ. ಕನ್ನಡಕದ ಒಂದು ಕಡ್ಡಿ ಮುರಿದಿರುವುದರಿಂದ ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದು ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬಯ್ಯಬೇಡ, ಬಯ್ಯಲು ಬೇರೆ ವಿಷಯ ಬೇಕಾದಷ್ಟಿದೆ.

ಹೌದು, ನಿನ್ನ ಗಂಡನ ಭುಜದ ಮೂಳೆ ಮುರಿದವಳು ನಾನೇ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಅವನು ಡಾಕ್ಟರಿಗೆ ಹೇಳಿದ್ದು ಒಂದು ಸುಳ್ಳು. ಅಮ್ಮನಿಗೆ ಅರಳುಮರಳು, ಸುಮ್ಮನೆ ಕೂತಿದ್ದವನ ಮೇಲೆ ಕೈಮಾಡಿದಳು ಎಂದು ನಿನಗೆ ಹೇಳಿದ್ದು ಇನ್ನೊಂದು. ನೀನು ಎರಡನೆಯದನ್ನು ನಂಬಿದೆ, ಅಥವಾ ನಂಬಿದರೆ ಬದುಕು ಸುಲಭವೆಂದು ನಂಬಿದೆ. ನನ್ನ ಬಟ್ಟೆ ನೀನೇ ಮಡಚಿ ಬ್ಯಾಗಿಗೆ ಹಾಕಿ ಭಾವನ ಮನೆಗೆ ಹೋಗಿ ಎಂದೆ. ಒಂದೇ ಸೀರೆಯನ್ನು ನೀನು ಮೂರು ಸಲ ಬಿಚ್ಚಿ ಮತ್ತೆ ಮಡಚಿದೆ. ಅದನ್ನು ನಾನು ನೋಡಿದೆ.

ನೀನು ನಮ್ಮ ಹಳೆಯ ಮನೆಯನ್ನು ಕಂಡವಳಲ್ಲ. ರಸ್ತೆ ಅಗಲ ಮಾಡುವವರು ಅದನ್ನು ಕೆಡವಿ, ಮಕ್ಕಳೆಲ್ಲ ಒಂದೊಂದು ಫ್ಲ್ಯಾಟ್ ಹಿಡಿದ ಮೇಲೆ ನೀನು ಬಂದವಳು. ಮುಂದೆ ನಮ್ಮ ಹಿಟ್ಟಿನ ಗಿರಣಿ, ಹಿಂದೆ ಮೂವರು ಅಣ್ಣತಮ್ಮಂದಿರ ಸಂಸಾರ. ಅದೇನು ಸ್ವರ್ಗವಾಗಿತ್ತೆಂದು ತಿಳಿಯಬೇಡ. ಒಬ್ಬರ ಮುಖ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ನನ್ನ ಮೈದುನ ಸಿಟ್ಟು ಬಂದರೆ ತಟ್ಟೆ ಎಸೆಯುತ್ತಿದ್ದ, ಅದು ಯಾರ ಹಣೆಗೆ ತಾಗಿತೆಂದು ಆಮೇಲೆ ನೋಡುತ್ತಿದ್ದ. ನಿನ್ನ ಮಾವನ ಬೆಲ್ಟು ಬಾಗಿಲ ಹಿಂದೆಯೇ ತೂಗುತ್ತಿತ್ತು.

ಆದರೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊಡೆಸಿಕೊಳ್ಳುವವರು ಓಡಿ ನನ್ನ ಅತ್ತೆಯ ಬೆನ್ನ ಹಿಂದೆ ಸೇರಿದರೆ ಮುಗಿಯಿತು, ಎತ್ತಿದ ಕೈ ಇಳಿಯಬೇಕು. ಅತ್ತೆ ಕಾಳು ಆರಿಸುವುದನ್ನೂ ನಿಲ್ಲಿಸುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ಆ ಬೆನ್ನ ಹಿಂದೆ ಕೂತಿದ್ದೇನೆ. ನಿನ್ನ ಮಾವ ಬೆಲ್ಟು ಹಿಡಿದು ಬುಸುಗುಡುತ್ತ ನಿಂತರು, ಗಿರಣಿಯಿಂದ ಎಲ್ಲರೂ ಇಣುಕಿದರು, ಅವರು ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟುಹೋದರು. ಅತ್ತೆ ತೀರಿಕೊಂಡ ಮೇಲೆ ಆ ಬೆನ್ನು ನನ್ನದಾಯಿತು. ಅದರ ಹಿಂದೆ ಅತಿ ಹೆಚ್ಚು ಸಲ ಅಡಗಿದವನು ನಿನ್ನ ಗಂಡ. ಅಪ್ಪನ ಬೆಲ್ಟಿಗೆ ಹೆದರಿ ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ.

ನಿಮ್ಮ ಮನೆಯಲ್ಲಿ ನನಗಿದ್ದದ್ದು ಬೆನ್ನಲ್ಲ, ಪಾಳಿ. ಅರ್ಧ ವರ್ಷ ನಾನು, ಉಳಿದರ್ಧ ನಿಮ್ಮಮ್ಮ. ನಿನ್ನ ಮಗಳ ಕೋಣೆಯಲ್ಲಿ ಮಡಚುವ ಮಂಚ. ಎಷ್ಟು ಹೊತ್ತು ಟಿವಿ, ಯಾವಾಗ ಹಾಲು ಎಲ್ಲವನ್ನೂ ನೀನು ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ನಡುಮನೆಯಲ್ಲಿ ಕ್ಯಾಮೆರಾ. ಆಫೀಸಿನಿಂದ ನೋಡಿ ಫೋನ್ ಮಾಡಿ, ಅತ್ತೆ, ಅವಳ ಬಾಯಿಗೆ ತುತ್ತಿಡಬೇಡಿ, ತಾನೇ ತಿನ್ನೋದು ಕಲೀಲಿ ಎನ್ನುತ್ತಿದ್ದೆ. ಸರಿ ಎನ್ನುತ್ತಿದ್ದೆ ನಾನು. ಮಗುವನ್ನು ಬೆಳೆಸುವವರು ನೀವು, ನಾನು ಕಾಯುವವಳು ಎಂದು ಒಪ್ಪಿಕೊಂಡಿದ್ದೆ. ಆದರೆ ಕಾಯುವುದಕ್ಕೂ ಅಧಿಕಾರ ಬೇಕಲ್ಲ. ನಿನ್ನ ಗಂಡ ಮಗುವಿನ ಕಿವಿ ಹಿಂಡಿದಾಗ ನಾನು ಬಾಯಿ ತೆಗೆದರೆ, ಅಮ್ಮಾ, ಇದು ನಮ್ಮ ಮನೆ ವಿಷ್ಯ, ನೀನು ನಾಲ್ಕು ದಿನ ಇದ್ದು ಹೋಗೋಳು ಎಂದ. ಅವನನ್ನು ಹೆತ್ತವಳಿಗೆ!

ಹಳೆಯ ಮನೆಯಲ್ಲಿ ಅಷ್ಟೂ ಜನರಿಗೆ ಹಂಚಿ ಹೋಗುತ್ತಿದ್ದ ಸಿಟ್ಟು ಇಲ್ಲಿ ಇಬ್ಬರ ಮೈಮೇಲೆ ಬೀಳುತ್ತದೆ. ಬಾಗಿಲು ಹಾಕಿದರೆ ಕೇಳುವವರೂ ಇಲ್ಲ. ಕ್ಯಾಮೆರಾ ಇರುವುದು ನಡುಮನೆಯಲ್ಲಿ ಮಾತ್ರ. ಅದು ಅವನಿಗೂ ಗೊತ್ತು.

ನನ್ನದೂ ಒಂದು ತಪ್ಪಾಯಿತು. ಅಪ್ಪ ಹೊಡೆಯಲು ಬಂದರೆ ನನ್ನ ಬೆನ್ನ ಹಿಂದೆ ಬಾ ಎಂದು ಮಗುವಿಗೆ ಹೇಳಿಕೊಟ್ಟೆ. ಅವನಿಗೆ ಆ ಕಟ್ಟಳೆ ನೆನಪಿದ್ದೇ ಇರುತ್ತದೆ ಎಂದುಕೊಂಡಿದ್ದೆ.

ಅಂದು ಶನಿವಾರ, ಇವತ್ತಿಗೆ ಎಂಟು ದಿನವಾಯಿತು, ನೀನು ಆಫೀಸಿನಲ್ಲಿದ್ದೆ. ಮಗು ಅವನ ಲ್ಯಾಪ್‌ಟಾಪ್ ಮೇಲೆ ನೀರು ಚೆಲ್ಲಿತು. ಅವನು ಎದ್ದ ರೀತಿ ನೋಡಿಯೇ ಅವಳು ಅಡುಗೆಮನೆಗೆ ಓಡಿಬಂದು ನನ್ನ ಬೆನ್ನಿಗೆ ಅಂಟಿಕೊಂಡಳು. ಅವನು ನಿಂತ. ಒಂದು ಗಳಿಗೆ ನಿಂತದ್ದು ನಿಜ. ಆಮೇಲೆ, ಇದನ್ನೂ ಕಲಿಸಿದ್ದೀಯಾ ಎಂದು ನನ್ನ ಮುಖಕ್ಕೆ ಮೊಣಕೈಯಿಂದ ಹೊಡೆದ. ಕನ್ನಡಕ ಮುರಿದದ್ದು ಆಗ. ಕೆಳಗೆ ಬಿದ್ದೆ. ಬಾಯ್ತುಂಬ ರಕ್ತ. ಅವನು ಮಗುವನ್ನು ಜಡೆ ಹಿಡಿದು ನನ್ನ ಕಾಲಿನ ಮೇಲಿಂದಲೇ ಎಳೆದುಕೊಂಡು ಹೋದ. ನಿಮ್ಮ ಕೋಣೆಯ ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ಆ ಸದ್ದಿನ ಆಚೆ ಏನು ಕೇಳಿತೆಂದು ಬರೆಯುವುದಿಲ್ಲ. ಬರೆದರೆ ನೀನು ಓದಲಾರೆ. ಮೊದಲು ಕಿರುಚುತ್ತಿದ್ದಳು, ಆಮೇಲೆ ಕಿರುಚಲಿಲ್ಲ. ಅದೇ ನನ್ನನ್ನು ಎಬ್ಬಿಸಿದ್ದು. ಅಡುಗೆಕಟ್ಟೆಯ ಮೇಲಿನ ಕಬ್ಬಿಣದ ಕುಟ್ಟಾಣಿಯ ಕೋಲು ತೆಗೆದುಕೊಂಡೆ. ಗಿರಣಿಯಲ್ಲಿ ಮೂಟೆ ಎತ್ತಿದ ಕೈ ಇದು, ಮುದಿಯಾದರೂ ಮರೆತಿಲ್ಲ. ನಿಮ್ಮ ಫ್ಲ್ಯಾಟಿನ ಬಾಗಿಲು ಬರೀ ಹಲಗೆ, ಚಿಲಕದ ಪಕ್ಕಕ್ಕೆ ಬಡಿಯುತ್ತಿದ್ದಂತೆ ಸೀಳಿತು. ಅವನು ಮಗುವನ್ನು ಗೋಡೆಗೆ ಒತ್ತಿ ಕತ್ತು ಹಿಡಿದಿದ್ದ. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾನು ಹೊಡೆದೆ. ತಲೆಗೆ ಹೊಡೆಯಬಹುದಿತ್ತು, ಭುಜಕ್ಕೆ ಹೊಡೆದೆ. ತಾಯಿ ಅಲ್ಲವೆ, ಅಷ್ಟು ಲೆಕ್ಕ ಉಳಿದಿತ್ತು. ಇನ್ನೊಂದು ಏಟಿಗೆ ಕೈ ಎತ್ತಿದಾಗ ಅವನು ನೆಲದಲ್ಲಿ ಮುದುಡಿ ಅಮ್ಮಾ ಎಂದ. ಬೆಲ್ಟಿಗೆ ಹೆದರಿ ಕೂಗುತ್ತಿದ್ದ ಅದೇ ದನಿ. ಕೋಲು ಕೆಳಗೆ ಬಿತ್ತು.

ಅವಳು ನನ್ನ ಹಿಂದೆ ಬರಲಿಲ್ಲ. ಮಂಚದ ಕೆಳಗೆ ಹೋದಳು. ನನ್ನ ಎದೆ ಒಡೆದದ್ದು ಆಗ.

ನೀನು ಬಂದು ಕೇಳಿದಾಗ ಮಗುವೂ ಸುಳ್ಳನ್ನೇ ಹೇಳಿತು. ಕುತ್ತಿಗೆಯ ಗುರುತಿಗೆ ಆಟದಲ್ಲಿ ಬಿದ್ದೆ ಎಂದಳು. ನೀನು ಅವಳಿಗೆ ಕಾಲರ್ ಇರುವ ಅಂಗಿ ಹಾಕಿದೆ. ಬೇಸಿಗೆಯಲ್ಲೂ ನೀನು ಉದ್ದ ತೋಳಿನ ರವಿಕೆ ಹಾಕುತ್ತೀಯಲ್ಲ, ಹಾಗೆಯೇ. ನಾನು ಕುರುಡಿಯಲ್ಲ, ತಾಯಿ. ಕೇಳಿದರೆ ನಿನ್ನ ಮರ್ಯಾದೆ ಹೋಗುತ್ತದೆಂದು ಕೇಳಲಿಲ್ಲ.

ಮೊನ್ನೆ ಅವಳ ಮುಖ ನೋಡಲೆಂದು ಶಾಲೆಗೆ ಹೋಗಿದ್ದೆ. ಗೇಟಿನವನು ಮಗುವನ್ನು ಕರೆದೊಯ್ಯುವವರ ಕಾರ್ಡು ನೋಡಿ, ಇದರಿಂದ ನಿಮ್ಮ ಫೋಟೋ ತೆಗೆದುಹಾಕಿಸಿದ್ದಾರೆ ಅಜ್ಜಿ, ಒಳಗೆ ಬಿಡೋ ಹಾಗಿಲ್ಲ ಎಂದ. ಪಾಪ, ಕುರ್ಚಿ ಕೊಟ್ಟ, ನೀರೂ ಕೊಟ್ಟ. ಕಂಬಿಯಾಚೆ ಅವಳು ಸಾಲಿನಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಕೈ ಎತ್ತಲಿಲ್ಲ. ಕತ್ತಿನ ಕಾಲರನ್ನು ಸರಿಮಾಡಿಕೊಂಡಳು.

ಆ ಕಾರ್ಡಿಗೆ ಮತ್ತೆ ನನ್ನ ಫೋಟೋ ಹಾಕಿಸು ಎಂದು ಬೇಡುವುದಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಬೇಕಾದರೆ ಪೊಲೀಸರಿಗೆ ಹೇಳು, ಹೊಡೆದೆ ಎಂದು ಒಪ್ಪಿಕೊಳ್ಳುತ್ತೇನೆ, ಯಾಕೆ ಹೊಡೆದೆ ಎಂದೂ ಹೇಳುತ್ತೇನೆ. ನನಗೆ ಬೇಕಾದದ್ದು ಒಂದೇ, ಆ ಮಗುವಿಗೆ ಓಡಿ ಬರಲು ಒಂದು ಜಾಗ. ಅವನ ಭುಜದ ಕಟ್ಟು ಬಿಚ್ಚುವ ಮುನ್ನ ಯೋಚಿಸು.

ಇಂತು,
ನಿನ್ನ ಮಗಳ ಅಜ್ಜಿ

ಮರೆತ ಮಾತು: ನಾನು ನಿನ್ನ ಭಾವನ ಮನೆಗೆ ಹೋಗಲೇ ಇಲ್ಲ. ನಿಮ್ಮ ಕಟ್ಟಡದಲ್ಲೇ, ಲಿಫ್ಟಿನ ಪಕ್ಕ, ನೆಲಮಹಡಿಯಲ್ಲಿ ಹಾಸಿಗೆ ಹಿಡಿದ ನಿವೃತ್ತ ಟೀಚರಮ್ಮ ಇದ್ದಾರಲ್ಲ, ಅವರನ್ನು ನೋಡಿಕೊಳ್ಳಲು ನಿಂತಿದ್ದೇನೆ. ಅವರ ಮೊಮ್ಮಕ್ಕಳು ಫೋನಿನಲ್ಲಷ್ಟೇ ಬರುತ್ತಾರೆ. ಈ ಮನೆಯ ಬಾಗಿಲಿಗೆ ನಾನು ಚಿಲಕ ಹಾಕುವುದಿಲ್ಲ. ನಿನ್ನೆ ಸಂಜೆ ನೀನು ಎಡಗಾಲು ಎಳೆಯುತ್ತ ಲಿಫ್ಟಿಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಅವನ ಒಂದು ಕೈ ಕಟ್ಟಿನಲ್ಲಿದ್ದರೂ ಇನ್ನೊಂದು ಇದೆಯಲ್ಲ. ಮಗುವನ್ನು ಕರೆದುಕೊಂಡು ನೀನೂ ಬಾ. ಬೆನ್ನಿಗೆ ವಯಸ್ಸಾಗಿದೆ, ಆದರೂ ಅದರ ಹಿಂದೆ ಇಬ್ಬರೂ ಹಿಡಿಸುತ್ತೀರಿ.