ಜಡೆ ಕೋಲಾಟದ ಗಂಟು

ಹೊಳೆನರಸೀಪುರ
೧೪-೫-೧೯೬೩

ಪ್ರೀತಿಯ ಮಗಳು ಲಕ್ಕಮ್ಮನಿಗೆ ನಿನ್ನವ್ವನ ಆಶೀರ್ವಾದ.

ಹೇಗಿದ್ದೀಯೇ? ಕಾಲು ಊದುವುದು ಕಡಮೆಯಾಯಿತೇ? ತುಂಬಿದ ಬಸುರಿ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಕುಲುಕಿಕೊಂಡು ಬರದಿದ್ದದ್ದೇ ಒಳ್ಳೆಯದಾಯಿತು. ನಿನ್ನಣ್ಣನ ಮಗಳ ಮದುವೆ ಚೆನ್ನಾಗಿ ಆಯಿತು. ಊಟಕ್ಕೆ ಯಾರೂ ಹೆಸರಿಡಲಿಲ್ಲ. ಹೆಸರಿಟ್ಟಿದ್ದೆಲ್ಲ ನನಗೇ.

ಗಂಡಿನ ಕಡೆಯವರು ಬೊಂಬಾಯಿಯಲ್ಲಿ ಬೇರುಬಿಟ್ಟವರಲ್ಲವೇ, ಮದುವೆಯ ಹಿಂದಿನ ಸಂಜೆ ‘ಸಂಗೀತ್’ ಆಗಲೇಬೇಕೆಂದರು. ನಾನು ಹಾಡುಕಚೇರಿ ಅಂದುಕೊಂಡಿದ್ದೆ. ಅಲ್ಲವಂತೆ, ಎರಡೂ ಮನೆಯ ಮುದುಕರು, ಹುಡುಗರು ಒಟ್ಟಿಗೆ ಕುಣಿಯಬೇಕಂತೆ. ಮೊದಲು ಬೊಂಬಾಯಿ ಹುಡುಗರು ಕುಣಿದು ಕೂತರು. ಅಕ್ಕನ ಮದುವೆಯೆಂದರೆ ನಮ್ಮ ಪ್ರೇಮಕುಮಾರಿ ಸುಮ್ಮನಿರುತ್ತಾಳೆಯೇ? ಚಪ್ಪರದ ನಡುವೆ ಕಂಬ ನಿಲ್ಲಿಸಿ, ಬಣ್ಣದ ಹಗ್ಗ ಇಳಿಬಿಟ್ಟು ಜಡೆ ಕೋಲಾಟವೇ ಕಟ್ಟಿಸಿದಳು. ಒಂದು ಕೈಲಿ ಹಗ್ಗ, ಒಂದು ಕೈಲಿ ಕೋಲು. ಹಿರಿಯರು ಬಲಕ್ಕೆ ಸುತ್ತುವುದು, ಹುಡುಗರು ಎಡಕ್ಕೆ. ಎದುರು ಸಿಕ್ಕವರ ಕೋಲಿಗೆ ಕೋಲು ತಟ್ಟಿ, ಒಬ್ಬರ ಒಳಗಿಂದ ನುಸುಳಿ, ಮುಂದಿನವರ ಹೊರಗಿಂದ ಹಾಯುವುದು. ಹಾಗೆ ಹೋದರೆ ಕಂಬದ ಮೇಲೆ ಜಡೆ ತಾನೇ ಹೆಣೆದುಕೊಳ್ಳುತ್ತದೆ. ನಮ್ಮ ಮಂಡಿಗೆ ತಕ್ಕಂತೆ ತಾಳ ನಿಧಾನವಾಗಿರಲೆಂದು ಹಾಡುವ ಲಕ್ಕಯ್ಯನಿಗೂ ಹೇಳಿದ್ದಳು.

ಎಡವಟ್ಟಾದದ್ದು ಎಣಿಕೆಯಲ್ಲಿ. ಎರಡು ಸಾಲೂ ಸಮ ಇರಬೇಕಲ್ಲ, ನಮ್ಮ ಸಾಲಿನಿಂದ ಒಬ್ಬರು ಹುಡುಗರ ಸಾಲಿಗೆ ಹೋಗಬೇಕಾಯಿತು. ನಾನು ಹೆಜ್ಜೆ ಎತ್ತಿದೆ. ಪ್ರೇಮ, "ಅಜ್ಜಿ, ನಿಂಗೆ ಮಂಡಿನೋವು ಕಣಜ್ಜಿ" ಎಂದು ನನ್ನನ್ನು ತಡೆದು ಗಂಡಿನ ಅಜ್ಜಿ ಮಲ್ಲಿಗಮ್ಮನನ್ನು ಕಳಿಸಿಬಿಟ್ಟಳು. ಆಕೆ ಹುಟ್ಟಿದ್ದು ಅರಕಲಗೂಡಿನಲ್ಲೇ, ಆದರೆ ಉಟ್ಟಿದ್ದು ನೈಲಾನ್ ಸೀರೆ. ನಡಿಗೆಯೋ, ಹದಿನಾರರ ಹುಡುಗಿ ನಾಚಬೇಕು.

ಈಗ ನೋಡು ನನ್ನ ಗತಿ. ಒಂದೇ ಸಾಲಿನವರು ಎದುರಾಗುವುದೇ ಇಲ್ಲ. ನಿಮ್ಮಪ್ಪನ ಹಿಂದೆ ನಾನು, ಅವರ ಬೆನ್ನು ನೋಡಿಕೊಂಡು. ಆಕೆ ಮಾತ್ರ ಸುತ್ತುಸುತ್ತಿಗೂ ಅವರಿಗೆ ಎದುರು. ಕೋಲು ತಟ್ಟುವುದು, ನಗುವುದು. ನನ್ನ ಮುಂದೆ ನಕ್ಕರೆ ಹಲ್ಲು ಉದುರುತ್ತದೆಂಬಂತೆ ಇರುವ ನಿಮ್ಮಪ್ಪನೂ ನಗುತ್ತಿದ್ದರು. ಹೊಟ್ಟೆ ಉರಿಯಿತು ಕಣೇ, ನಿನ್ನ ಹತ್ತಿರ ಮುಚ್ಚುಮರೆ ಏಕೆ?

ಜಡೆ ಎದೆಮಟ್ಟಕ್ಕೆ ಬಂದಾಗ ಪ್ರೇಮ ‘ತಿರುಗಿ’ ಎಂದು ಕೂಗಿದಳು. ಎಲ್ಲರೂ ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಜಡೆ ಬಿಚ್ಚಿಕೊಳ್ಳುತ್ತದೆ. ಎಲ್ಲರೂ ತಿರುಗಿದರು. ನಾನು ತಿರುಗಲಿಲ್ಲ. ಕೇಳಿಸದೆ ಅಲ್ಲ. ತಿರುಗಿದ ನಿಮ್ಮಪ್ಪ ನೇರ ನನಗೆ ಎದುರಾದರು. "ಇದೇನೇ ಮುದ್ದಿ, ಇತ್ಲಾಗೇ ಬತ್ತಿದ್ದೀಯ?" ಎಂದರು. "ಮಕ ನೋಡನಾ ಅಂತ" ಎಂದು ಕೋಲು ತಟ್ಟಿದೆ, ಕೊಂಚ ಜೋರಾಗಿಯೇ. ಅಷ್ಟರಲ್ಲಿ ಹಗ್ಗಗಳೆಲ್ಲ ಗಂಟುಬಿದ್ದು ಹಿರಿಯರು, ಹುಡುಗರು ಕಂಬಕ್ಕೆ ಒತ್ತಿಕೊಂಡು ನಿಂತೆವು. ಪ್ರೇಮಳ ಕಣ್ಣಲ್ಲಿ ನೀರು. ನಿಮ್ಮಪ್ಪ ಮಾತ್ರ ನಕ್ಕರು, ನನ್ನನ್ನು ನೋಡಿಯೇ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಭಾರ ಎತ್ತಬೇಡ. ದೇವರು ನಿನಗೆ ಸುಖವಾಗಿ ಹೆರಿಗೆ ಮಾಡಿಸಲಿ.

ನಿನ್ನವ್ವ,
ಮುದ್ದಮ್ಮ

ಮರೆತಿದ್ದೆ: ಆ ಬೀಗಿತ್ತಿ ಹೊರಡುವಾಗ, ಅವಳ ಮೊಮ್ಮಗಳ ಸಂಗೀತ್‌ಗೆ ನಿಮ್ಮಪ್ಪ ಬೊಂಬಾಯಿಗೆ ಬರಲೇಬೇಕು ಎಂದಳು. ಅವರಿಗೆ ಮಂಡಿನೋವು ಎಂದುಬಿಟ್ಟೆ. ಕೇಳಿದರೆ ನೀನೂ ಹಾಗೇ ಹೇಳು.