ಅವ್ವನ ಪುಸ್ತಕಕ್ಕೆ ಬಂದ ಪತ್ರಗಳು

ಗುಳೇದಗುಡ್ಡ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ತಮ್ಮ ಈರಣ್ಣನಿಗೆ,

ನಿನ್ನ ಅಕ್ಕ ದಾಕ್ಷಾಯಣಿಯ ಆಶೀರ್ವಾದ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಇಪ್ಪತ್ತು ದಿನದಿಂದ ಅವ್ವನ ಸ್ಮರಣೆಯ ಪುಸ್ತಕದ್ದೇ ಕೆಲಸ. ಅವ್ವನಿಗೇ ಬರೆದ ಹಾಗೆ ಒಂದೊಂದು ಪತ್ರ ಕಳಿಸಿರೆಂದು ಬಳಗಕ್ಕೆಲ್ಲ ಹೇಳಿದ್ದೆನಲ್ಲ, ಹದಿನಾಲ್ಕು ಬಂದವು.

ಮೂವತ್ತೊಂದು ವರ್ಷ ಕನ್ನಡ ಕಲಿಸಿದ ಚಾಳಿ, ಏನನ್ನೂ ಗಟ್ಟಿಯಾಗಿಯೇ ಓದಬೇಕು. ಕೇಳುವವರು ಮೊಮ್ಮಕ್ಕಳು ತನ್ವಿ, ಸಿಂಚನಾ. ಹುಬ್ಬಳ್ಳಿಯ ಮಾವನ ಮಗ ರಾಚಪ್ಪನ ಪತ್ರದಲ್ಲಿ "ನಿಮ್ಮ ನಗು ನಮ್ಮ ಬಾಳಿನ..." ಎಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತನ್ವಿ "ಬೆಳಕು!" ಎಂದಳು. ಬೆಳಕೇ ಇತ್ತು. "ನಿಮ್ಮ ಮಾತು ನಮ್ಮ ಹಾದಿಯ..." "ದೀಪ!" ಸಿಂಚನಾಗಿನ್ನೂ ಏಳು ವರ್ಷ, ನೋಡು. ಸಾಲೆಲ್ಲ ಒಂದೇ ಉದ್ದ; ಎಲ್ಲೂ ದನಿ ಏರಿಸುವಂತಿಲ್ಲ, ಇಳಿಸುವಂತಿಲ್ಲ.

ಆಮೇಲೆ ಪಕ್ಕದ ಮನೆಯ ನೀಲವ್ವನದು. "ಯಕ್ಕಾ, ನೀ ಹೋದ ಸುದ್ದಿ ಬಂದ ದಿನಾ ನಮ್ಮ ಎಮ್ಮಿಕರಾ..." ಎಂದು ಬೇಕೆಂದೇ ನಿಲ್ಲಿಸಿದೆ.

"ಅತ್ತತಿ!"

"ಹುಲ್ಲ ಬಿಟ್ಟತಿ!"

ಇಬ್ಬರೂ ಸೋತರು. "ಹಗ್ಗಾ ಹರಕೊಂಡು ನಿನ್ನ ಮಗ್ಗದ ಕುಣಿಯಾಗ ಬಿತ್ತು" ಎಂದಿತ್ತು. ಅವ್ವ ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ಗುಂಡಿಯಲ್ಲೇ! ಮಕ್ಕಳು ಬಿದ್ದು ಬಿದ್ದು ನಕ್ಕು, "ಆಮ್ಯಾಲ ಹೆಂಗ ತಗದ್ರು?" ಎಂದು ಗಂಟುಬಿದ್ದರು.

ಲಗ್ನಪತ್ರಿಕೆಯ ಸಾಲನ್ನೂ ಮೊದಲೇ ಹೇಳಿಬಿಡಬಹುದು. ಅದಕ್ಕೆ ಅಷ್ಟರಿಂದಲೇ ರಾಚಪ್ಪನದು ಅವನೇ ಬರೆದದ್ದಲ್ಲವೆಂಬ ತೀರ್ಮಾನಕ್ಕೆ ಬರಲಿಲ್ಲ. ಅವನ ಪತ್ರ ಪೂರ್ತಿ ಓದಿ, "ಈ ಪತ್ರದಾಗ ನಮ್ಮವ್ವ, ನಿಮ್ಮ ಮುತ್ಯಾಯಿ, ಏನ ಮಾಡತಿದ್ಲು?" ಎಂದು ಕೇಳಿದೆ. ತನ್ವಿ ಯೋಚಿಸಿ, "ಏನೂ ಮಾಡಲಿಲ್ಲಜ್ಜಿ, ಬರೇ ಛಲೋ ಇದ್ಲು" ಎಂದಳು.

ರಾಚಪ್ಪನಿಗೆ ಫೋನು ಮಾಡಿದೆ. ನಾಚಿಕೆಯೇ ಇಲ್ಲ! "ಹೂಂ ಯಕ್ಕಾ, ಮೊಬೈಲಿಗೆ ಹೇಳಿದೆ, ಬರಕೊಟ್ಟತಿ. ನನಕಿಂತಾ ಛಲೋ ಬರದೈತಿ, ಹೌದಿಲ್ಲೋ?"

"ನಿಮ್ಮ ಅತ್ತಿನ್ನ ಯಾವಾಗ ನೋಡಿತ್ತೋ ಅದು?"

"ಹೆಸರು ನಾನ ಹಾಕೀನಲ್ಲ!"

ಹೇಸಿಗೆ ಬಂತು ಈರಣ್ಣ. ಯಾರೋ ಅಗಿದು ಉಗುಳಿದ ಎಲೆಯಡಿಕೆಯನ್ನು ನನ್ನ ಬಾಯಿಗೆ ತುರುಕಿದ ಹಾಗಾಯಿತು. ಇಂಥವೇ ಇನ್ನೂ ಐದಿದ್ದವು. ನಾಲ್ವರು ಒಪ್ಪಿಕೊಂಡರು. ಐದನೆಯವರು ನಿವೃತ್ತ ಗುಮಾಸ್ತ ಸಂಗನಬಸಪ್ಪನವರು, ಗೀಚಿ ತಿದ್ದಿದ ಮೂರು ಹಾಳೆ ತಂದು ತೋರಿಸಿ, "ಅಕ್ಕೋರ, ನಾ ಬರಿಯೂದ ಹಂಗ್ರೀ, ಏನ ಮಾಡ್ಲಿ?" ಎಂದರು. ತಪ್ಪಾಯಿತೆಂದು ಕೈಮುಗಿದು, ಚಹಾ ಕುಡಿಸಿ ಕಳಿಸಿದೆ. ಮಕ್ಕಳ ಕಿವಿ ಅನುಮಾನವನ್ನಷ್ಟೇ ಹೇಳುತ್ತದೆ, ಬರೆದವರನ್ನು ಕೇಳಲೇಬೇಕು.

ನಿನಗೂ ಹೆಂಡತಿಗೂ ದೇವರು ಆರೋಗ್ಯ ಕೊಡಲಿ. ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ.

ನಿನ್ನ ಅಕ್ಕ,
ದಾಕ್ಷಾಯಣಿ

ತಾ.ಕ.: ನಿನ್ನದನ್ನು ಕೊನೆಗೆ ಓದಿದೆ. "ಅವ್ವಾ, ನಿನ್ನ ಕೈತುತ್ತಿನ..." ಎನ್ನುತ್ತಲೇ ಸಿಂಚನಾ "ರುಚಿ!" ಎಂದು ಚಪ್ಪಾಳೆ ಹೊಡೆದಳು. ಉಳಿದದ್ದನ್ನು ಮಕ್ಕಳು ಮಲಗಿದ ಮೇಲೆ ಒಬ್ಬಳೇ ಓದಿಕೊಂಡೆ. ಹೊತ್ತು ಮೂಡಿದರೆ ಮಗ್ಗಕ್ಕಿಳಿಯುತ್ತಿದ್ದ ಅವ್ವ ನಮಗ್ಯಾವಾಗ ತುತ್ತು ಮಾಡಿ ತಿನಿಸಿದ್ದಳು? ಕಡೆಯ ಎರಡು ವರ್ಷ ಅವಳಿಗೆ ತುತ್ತಿಟ್ಟವನು ನೀನು. ಉಗುಳಿದರೆ ಒರೆಸಿ, "ಇದೊಂದ ತುತ್ತವ್ವಾ" ಎಂದು ಮತ್ತೆ ಇಡುತ್ತಿದ್ದೆ. ಅದನ್ನು ಕಂಡವಳು ನಾನು. ಅದರ ಒಂದು ಸಾಲೂ ಇದರಲ್ಲಿಲ್ಲ. ನೀನೇ ಬರೆದದ್ದಾದರೆ ಹೇಳು, ನಿನ್ನ ಕಾಲಿಗೆ ಬೀಳುತ್ತೇನೆ. ಅಲ್ಲವಾದರೆ ಏನೂ ಹೇಳಬೇಡ. ಮಗನ ಪುಟ ಖಾಲಿಯೇ ಅಚ್ಚಾಗಲಿ.